‘ಇಳಿಯುವುದು’ ಎಂದರೆ ಇಳಿಯಿರಿ ಎಂದೇ: ಪ್ರಕಟಣೆಯ ಅನುವಾದದಲ್ಲಿ ಬುಲೆಟ್, ಲಿಂಕ್ ಮತ್ತು ಬೋಲ್ಡ್

ಕೋಲಾರದ ನರಸಾಪುರ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರ ಎಚ್‌ಆರ್ ವಿಭಾಗದಲ್ಲಿ ನಾನು ಕೆಲಸ ಮಾಡುತ್ತಿದ್ದಾಗ, ಮೇಲಿನಿಂದ ಇಂಗ್ಲಿಷಿನಲ್ಲಿ ಬರುತ್ತಿದ್ದ ಪ್ರಕಟಣೆಗಳನ್ನು ಕನ್ನಡಕ್ಕೆ ತಂದು ಕಾರ್ಮಿಕರಿಗೆ ತಲುಪಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಒಂದು ಸೋಮವಾರ ಮುಳಬಾಗಿಲಿನಿಂದ ಬರುವ 3ನೇ ಬಸ್ಸಿನ ಏಳೆಂಟು ಜನ, ಹೆದ್ದಾರಿಯ ಕಡೆಗಿರುವ 1ನೇ ಗೇಟ್‌ನಲ್ಲೇ ಇಳಿದು ಸೆಕ್ಯುರಿಟಿಯವರ ಜೊತೆ ವಾದಕ್ಕೆ ನಿಂತಿದ್ದರು. ಬಸ್ಸು ಒಳಗೆ 2ನೇ ಗೇಟ್‌ವರೆಗೆ ಹೋಗಬೇಕು, ಅಲ್ಲೇ ಎಲ್ಲರೂ ಇಳಿಯಬೇಕು ಎಂಬುದೇ ಆ ವಾರದ ಹೊಸ ನಿಯಮ. ವಿಚಾರಿಸಿದಾಗ ಅವರಲ್ಲೊಬ್ಬರು ಫೋನ್ ತೆಗೆದು ತೋರಿಸಿದರು: “ನೀವೇ ಹಾಕಿದ್ದೀರಲ್ಲ ಸಾರ್, ಎರಡನೇ ಗೇಟ್‌ಗಿಂತ ಮೊದಲೇ ಇಳಿಯುವುದು ಅಂತ.” ಹೌದು, ಪರದೆಯ ಮೇಲೆ ಅದೇ ಇತ್ತು, ಮತ್ತು ಅದನ್ನು ಬರೆದವನು ನಾನೇ.

ಆ ಪ್ರಕಟಣೆಯಲ್ಲಿ ಒಂದು ಪದವೂ ತಪ್ಪು ಅನುವಾದವಾಗಿರಲಿಲ್ಲ. ಬುಲೆಟ್‌ಗಳೂ ಮೂಲದಲ್ಲಿದ್ದಷ್ಟೇ ಇದ್ದವು, ಬೋಲ್ಡ್ ಕೂಡ ಇತ್ತು. ಹಾಗಿದ್ದರೂ ಅರ್ಥ ತಲೆಕೆಳಗಾಗಿತ್ತು. ಅದು ಹೇಗೆ ಎಂಬುದನ್ನು ಆ ಒಂದೇ ಪ್ರಕಟಣೆಯನ್ನು ಬಿಡಿಸಿಟ್ಟು ಇಲ್ಲಿ ವಿವರಿಸುತ್ತೇನೆ. ಕಾರ್ಖಾನೆಯೊಳಗಿನ ಜಾಲತಾಣವಾದ ನಮ್ಮ ಒಳಜಾಲದಲ್ಲಿ ಪ್ರಕಟಣೆಗಳನ್ನು ಮಾರ್ಕ್‌ಡೌನ್ ಎಂಬ ಸರಳ ಗುರುತುಗಳಲ್ಲಿ ಬರೆಯುತ್ತಿದ್ದೆವು. ಸಾಲಿನ ಮೊದಲಿಗೆ ಅಡ್ಡಗೆರೆ ಹಾಕಿ ಒಂದು ಖಾಲಿ ಜಾಗ ಬಿಟ್ಟರೆ ಅದು ಬುಲೆಟ್ ಆಗುತ್ತದೆ, ಎರಡೆರಡು ನಕ್ಷತ್ರಗಳ ನಡುವೆ ಇಟ್ಟದ್ದು ಬೋಲ್ಡ್ ಆಗುತ್ತದೆ, ಚೌಕ ಆವರಣದಲ್ಲಿ ಪಠ್ಯವನ್ನೂ ಅದರ ಬೆನ್ನಿಗೇ ದುಂಡು ಆವರಣದಲ್ಲಿ ವಿಳಾಸವನ್ನೂ ಇಟ್ಟರೆ ಲಿಂಕ್ ಆಗುತ್ತದೆ. ಮೂಲ ಹೆಚ್ಚುಕಡಿಮೆ ಹೀಗಿತ್ತು. ವಿಳಾಸಗಳನ್ನು ಮಾತ್ರ ಬದಲಿಸಿದ್ದೇನೆ.

```
**Do not** do the following on Bus 3:

- board without your ID card
- get off before Gate 2
- keep a seat for someone else

Fill [this form](https://example.com/form)
if your name is on [this list](https://example.com/list).
```

ಮೊದಲು ಬುಲೆಟ್‌ಗಳ ವಿಚಾರ. ಈ ಇಂಗ್ಲಿಷ್ ಪಟ್ಟಿಯಲ್ಲಿ ಪ್ರತಿ ಬುಲೆಟ್ ತಲೆಸಾಲಿನ ಮುಂದುವರಿಕೆಯಂತಿದೆ. ನಿಷೇಧ ಮೊದಲೇ ಬಂದುಬಿಡುವುದರಿಂದ ಕೆಳಗಿನ ಮೂರು ಸಾಲುಗಳ ಮೇಲೂ ಅದರ ನೆರಳು ಬೀಳುತ್ತದೆ. ಕನ್ನಡದ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಮತ್ತು ಬೇಕೋ ಬೇಡವೋ, ಮಾಡಬೇಕೋ ಬಾರದೋ ಎಂಬ ತೀರ್ಮಾನವೆಲ್ಲ ಆ ಕ್ರಿಯಾಪದದ ತುದಿಯಲ್ಲಿ ಕೂತಿರುತ್ತದೆ. ಇಂಗ್ಲಿಷಿನ ಆಕಾರವನ್ನು ಹಾಗೆಯೇ ಉಳಿಸಿಕೊಳ್ಳಬೇಕೆಂಬ ಹಟದಲ್ಲಿ ನಾನು ತಲೆಸಾಲನ್ನು ‘3ನೇ ಬಸ್ಸಿನಲ್ಲಿ ಈ ಕೆಳಗಿನವುಗಳನ್ನು ಮಾಡಬೇಡಿ’ ಎಂದು ಬರೆದು, ಅದರಡಿ ಹೀಗೆ ಪಟ್ಟಿ ಮಾಡಿದ್ದೆ.

```
- ಗುರುತಿನ ಚೀಟಿ ಇಲ್ಲದೆ ಹತ್ತುವುದು
- 2ನೇ ಗೇಟ್‌ಗಿಂತ ಮೊದಲೇ ಇಳಿಯುವುದು
- ಬೇರೆಯವರಿಗೆ ಸೀಟು ಹಿಡಿದಿಡುವುದು
```

ವ್ಯಾಕರಣದ ಲೆಕ್ಕದಲ್ಲಿ ಇಲ್ಲಿ ತಪ್ಪಿಲ್ಲ. ‘ಹತ್ತುವುದು’, ‘ಇಳಿಯುವುದು’ ಎಂಬವು ಆ ಕೆಲಸಗಳ ಹೆಸರುಗಳು. ಆದರೆ ನಮ್ಮ ಕಚೇರಿ ಕನ್ನಡದಲ್ಲಿ ಇದೇ ರೂಪಕ್ಕೆ ಇನ್ನೊಂದು ಕೆಲಸವಿದೆ. ‘ಅರ್ಜಿಯನ್ನು ನಿಗದಿತ ನಮೂನೆಯಲ್ಲಿ ಸಲ್ಲಿಸುವುದು’, ‘ಪಾದರಕ್ಷೆಗಳನ್ನು ಹೊರಗೆ ಬಿಡುವುದು’ ಎಂದು ಗೋಡೆಯ ಮೇಲೆ ಬರೆದಿದ್ದರೆ ಅದನ್ನು ಓದಿದ ಯಾರೂ ಕೆಲಸದ ಹೆಸರು ಎಂದುಕೊಳ್ಳುವುದಿಲ್ಲ, ಅಪ್ಪಣೆ ಎಂದೇ ತಿಳಿಯುತ್ತಾರೆ. ತಲೆಸಾಲಿನಿಂದ ಕಳಚಿಕೊಂಡ ಒಂಟಿ ಬುಲೆಟ್ ಅದೇ ಗೋಡೆಬರಹದ ದನಿಯಲ್ಲಿ ಮಾತನಾಡುತ್ತದೆ. ಕಳಚಿಕೊಳ್ಳುವುದೂ ಸುಲಭ, ಏಕೆಂದರೆ ಫೋನಿನ ಸಣ್ಣ ಪರದೆಯಲ್ಲಿ ಬೆರಳಾಡಿಸಿದೊಡನೆ ತಲೆಸಾಲು ಮೇಲೆ ಸರಿದು ಮರೆಯಾಗುತ್ತದೆ, ಅಥವಾ ಗುಂಪಿನಲ್ಲಿ ಯಾರೋ ಬೇಕಾದ ಒಂದು ಸಾಲನ್ನಷ್ಟೇ ನಕಲಿಸಿ ಇನ್ನೊಬ್ಬರಿಗೆ ಕಳುಹಿಸುತ್ತಾರೆ. ಮೊದಲ ಬುಲೆಟ್‌ನ ಅಸಂಬದ್ಧತೆ ಎದ್ದು ಕಾಣುವಂಥದ್ದು, ಗುರುತಿನ ಚೀಟಿ ಬಿಟ್ಟು ಬನ್ನಿ ಎಂದು ಯಾವ ಕಾರ್ಖಾನೆಯೂ ಹೇಳುವುದಿಲ್ಲ. ಎರಡನೆಯದರಲ್ಲಿ ಅಂಥ ಸುಳಿವು ಇರಲಿಲ್ಲ. ಯಾವ ಗೇಟ್ ಎಂಬುದು ಆಡಳಿತದವರು ಹೇಳಿದಂತೆ ತಾನೆ.

ಆದ್ದರಿಂದ ತಲೆಸಾಲನ್ನು ಪೂರ್ಣ ವಾಕ್ಯವಾಗಿ ಮುಗಿಸಿ, ನಿಷೇಧವನ್ನು ಪ್ರತಿ ಬುಲೆಟ್‌ಗೂ ಹಂಚಬೇಕಾಗುತ್ತದೆ. ಒಂದೊಂದು ಸಾಲೂ ತನ್ನ ಕ್ರಿಯಾಪದದೊಂದಿಗೆ ತನ್ನ ಕಾಲ ಮೇಲೆ ನಿಲ್ಲಬೇಕು.

```
3ನೇ ಬಸ್ಸಿನಲ್ಲಿ ಈ ಮೂರು ಕೆಲಸಗಳಿಗೆ ಅವಕಾಶವಿಲ್ಲ.

- ಗುರುತಿನ ಚೀಟಿ ಇಲ್ಲದೆ **ಹತ್ತಬಾರದು**.
- 2ನೇ ಗೇಟ್ ಬರುವ ಮೊದಲು **ಇಳಿಯಬಾರದು**.
- ಬೇರೆಯವರಿಗಾಗಿ ಸೀಟು **ಹಿಡಿದಿಡಬಾರದು**.
```

ಇದನ್ನು ನೋಡಿದ ನಮ್ಮ ಮ್ಯಾನೇಜರ್ ಒಬ್ಬರು, ಮೂಲದಲ್ಲಿ ಬೋಲ್ಡ್ ಒಂದೇ ಕಡೆ ಇತ್ತು, ಇಲ್ಲಿ ಮೂರು ಕಡೆ ಏಕೆ ಬಂತು ಎಂದು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಮೂಲದವರು ಬೋಲ್ಡ್ ಮಾಡಿದ್ದು ಮೊದಲ ಎರಡು ಪದಗಳನ್ನಲ್ಲ, ನಿಷೇಧವನ್ನು; ಕನ್ನಡದಲ್ಲಿ ಆ ನಿಷೇಧ ಮೂರು ಕ್ರಿಯಾಪದಗಳ ತುದಿಗೆ ಹೋಗಿ ಸೇರಿದ್ದರಿಂದ ಬೋಲ್ಡ್ ಕೂಡ ಅದರ ಹಿಂದೆಯೇ ಹೋಗಬೇಕಾಯಿತು. ಎಣಿಕೆಯಲ್ಲಿ ಬದಲಾಗದೆ ಉಳಿಯಬೇಕಾದವು ಬುಲೆಟ್‌ಗಳು ಮತ್ತು ಲಿಂಕ್‌ಗಳು. ಎರಡು ಬುಲೆಟ್‌ಗಳನ್ನು ಕನ್ನಡದಲ್ಲಿ ಒಂದೇ ಸೊಗಸಾದ ವಾಕ್ಯವಾಗಿ ಹೆಣೆಯಬಹುದು ಎಂಬ ಆಸೆ ಅನುವಾದಕನಿಗೆ ಆಗಾಗ ಹುಟ್ಟುತ್ತದೆ, ನನಗಂತೂ ಹುಟ್ಟುತ್ತಿತ್ತು. ಆದರೆ ನಾಳೆ ಮೇಲ್ವಿಚಾರಕರು ‘ಮೂರನೆಯ ಅಂಶ ನೋಡಿ’ ಎಂದು ಇಂಗ್ಲಿಷ್ ಪ್ರತಿಯನ್ನು ಹಿಡಿದು ಹೇಳಿದಾಗ, ಕನ್ನಡ ಪ್ರತಿಯಲ್ಲಿ ಎರಡೇ ಅಂಶಗಳಿದ್ದರೆ ಅವರೂ ಕಾರ್ಮಿಕರೂ ಬೇರೆಬೇರೆ ಕಾಗದಗಳನ್ನು ಓದುತ್ತಿರುತ್ತಾರೆ.

ಬೋಲ್ಡ್ ಬಗ್ಗೆ ಇನ್ನೂ ಒಂದು ವಿಷಯವಿದೆ, ಅದು ವಿಭಕ್ತಿ ಪ್ರತ್ಯಯಗಳದ್ದು. ಇಂಗ್ಲಿಷಿನಲ್ಲಿ ದಿನಾಂಕಕ್ಕೂ ಅದರ ಮುಂಚಿನ ಪದಕ್ಕೂ ನಡುವೆ ಖಾಲಿ ಜಾಗವಿರುವುದರಿಂದ ಬೋಲ್ಡ್ ಎಲ್ಲಿ ಮುಗಿಯಬೇಕೆಂಬ ಗೊಂದಲವಿಲ್ಲ. ನಮ್ಮಲ್ಲಿ ‘ರೊಳಗೆ’, ‘ರಂದು’, ‘ಕ್ಕೆ’ ಎಲ್ಲವೂ ಪದಕ್ಕೆ ಅಂಟಿಕೊಳ್ಳುತ್ತವೆ. ದಿನಾಂಕವನ್ನಷ್ಟೇ ಬೋಲ್ಡ್ ಮಾಡಿ ಪ್ರತ್ಯಯವನ್ನು ಹೊರಗಿಟ್ಟರೆ ಕೆಲವೊಮ್ಮೆ ನಡೆಯುತ್ತದೆ, ಕೆಲವೊಮ್ಮೆ ನಡೆಯುವುದಿಲ್ಲ. ಕೆಳಗಿನ ಎರಡು ಸಾಲುಗಳಲ್ಲಿ ಮೊದಲನೆಯದು ಸರಿಯಾಗಿ ಬೋಲ್ಡ್ ಆಗುತ್ತದೆ. ಎರಡನೆಯದರಲ್ಲಿ ನಕ್ಷತ್ರಗಳು ನಕ್ಷತ್ರಗಳಾಗಿಯೇ ಪರದೆಯ ಮೇಲೆ ಉಳಿಯುತ್ತವೆ.

```
**ಆಗಸ್ಟ್ 4**ರೊಳಗೆ ಭರ್ತಿ ಮಾಡಿ.
**ಆಗಸ್ಟ್ 4 (ಸೋಮವಾರ)**ರೊಳಗೆ ಭರ್ತಿ ಮಾಡಿ.
```

ಕಾರಣ ಮಾರ್ಕ್‌ಡೌನ್‌ನ ನಿಯಮದಲ್ಲಿದೆ. ಮುಚ್ಚುವ ನಕ್ಷತ್ರಗಳ ಹಿಂದೆ ಆವರಣ, ಪೂರ್ಣವಿರಾಮದಂಥ ಚಿಹ್ನೆಯಿದ್ದು, ಮುಂದೆ ಖಾಲಿ ಜಾಗ ಬಿಡದೆ ಅಕ್ಷರ ಬಂದರೆ, ಅದನ್ನು ಮುಚ್ಚುವ ಗುರುತೆಂದು ತಂತ್ರಾಂಶ ಒಪ್ಪುವುದಿಲ್ಲ. ಇಂಗ್ಲಿಷಿನಲ್ಲಿ ಆವರಣದ ಬೆನ್ನಿಗೇ ಅಕ್ಷರ ಬರುವುದು ಅಪರೂಪವಾದ್ದರಿಂದ ಅಲ್ಲಿನವರಿಗೆ ಈ ತೊಂದರೆ ಅಷ್ಟಾಗಿ ಎದುರಾಗುವುದಿಲ್ಲ, ನಮಗೆ ದಿನಾ ಎದುರಾಗುತ್ತದೆ. ನಾನು ಕಂಡುಕೊಂಡ ದಾರಿ ಸರಳ: ಪ್ರತ್ಯಯವನ್ನೂ ಬೋಲ್ಡ್ ಒಳಗೇ ಸೇರಿಸಿ ಪೂರ್ಣ ಪದವನ್ನು ಬೋಲ್ಡ್ ಮಾಡುವುದು, ವಾರದ ಹೆಸರನ್ನು ಅದರಾಚೆ ಇಡುವುದು. ಅಂದರೆ `**ಆಗಸ್ಟ್ 4ರೊಳಗೆ** (ಸೋಮವಾರ)` ಎಂದು ಬರೆಯುವುದು.

ಪದವನ್ನು ಪೂರ್ತಿಯಾಗಿ ಒಳಗಿಡಬೇಕೆನ್ನಲು ಲಿಪಿಯ ಕಾರಣವೂ ಒಂದಿದೆ. ಬೋಲ್ಡ್‌ನ ಗಡಿ ಅಕ್ಷರದ ಮಧ್ಯೆ ಬಿದ್ದರೆ, ಉದಾಹರಣೆಗೆ ಸ್ವರಚಿಹ್ನೆ ಒಂದು ಕಡೆಗೂ ವ್ಯಂಜನ ಇನ್ನೊಂದು ಕಡೆಗೂ ಹೋದರೆ, ಒಂಟಿಯಾದ ಚಿಹ್ನೆ ಚುಕ್ಕೆಗಳ ಉಂಗುರಕ್ಕೆ ಅಂಟಿಕೊಂಡು ಕಾಣಿಸಬಹುದು. ವ್ಯಂಜನಾಂತ ಪದಗಳಲ್ಲಿ ಇನ್ನೂ ಮೋಸದ ಸ್ಥಿತಿಯಿದೆ. ‘ಬಸ್’ ಎಂಬುದನ್ನಷ್ಟೇ ಬೋಲ್ಡ್ ಮಾಡಿ ‘ನಲ್ಲಿ’ಯನ್ನು ಹೊರಗಿಟ್ಟರೆ ಪರದೆಯಲ್ಲಿ ಎರಡೂ ಬಿಡಿಯಾಗಿ ನಿಂತು ಚೆನ್ನಾಗಿಯೇ ಕಾಣುತ್ತವೆ, ಯಾರಾದರೂ ಅದನ್ನು ಫಾರ್ಮ್ಯಾಟ್ ಇಲ್ಲದ ಬರಿಯ ಪಠ್ಯವಾಗಿ ನಕಲಿಸಿದೊಡನೆ ಗಡಿ ಅಳಿದು, ಸಕಾರಕ್ಕೆ ನಕಾರ ಒತ್ತಾಗಿ ಬಂದು ‘ಬಸ್ನಲ್ಲಿ’ ಆಗುತ್ತದೆ. ‘ಬಸ್ಸಿನಲ್ಲಿ’ ಎಂದೇ ಬರೆದು ಇಡೀ ಪದವನ್ನು ಬೋಲ್ಡ್ ಮಾಡಿದರೆ ಇದು ಯಾವುದೂ ಇಲ್ಲ. ಇಟಾಲಿಕ್ ಮತ್ತು ದೊಡ್ಡಕ್ಷರಗಳ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಕನ್ನಡದಲ್ಲಿ ದೊಡ್ಡಕ್ಷರಗಳೇ ಇಲ್ಲ, ಬಾಗಿಸಿದ ಕನ್ನಡ ಓದಲು ತೊಡಕು; ಮೂಲದಲ್ಲಿ ಇವೆರಡರಿಂದ ಕೊಟ್ಟ ಒತ್ತನ್ನು ಕನ್ನಡದಲ್ಲಿ ಬೋಲ್ಡ್ ಹೊತ್ತುಕೊಳ್ಳಬೇಕು.

ಈಗ ಲಿಂಕ್‌ಗಳು. ಮೂಲದ ಕೊನೆಯ ವಾಕ್ಯದಲ್ಲಿ ಮೊದಲು ಫಾರ್ಮ್ ಬರುತ್ತದೆ, ಆಮೇಲೆ ಪಟ್ಟಿ. ಕನ್ನಡದಲ್ಲಿ ‘ಇದ್ದರೆ’ ಎಂಬ ಷರತ್ತು ಮೊದಲು ಬರುವುದೇ ಸಹಜ, ಆದ್ದರಿಂದ ಪಟ್ಟಿ ಮುಂದಕ್ಕೂ ಫಾರ್ಮ್ ಹಿಂದಕ್ಕೂ ಹೋಗುತ್ತದೆ. ಕೆಲಸ ಬೇಗ ಮುಗಿಯಲೆಂದು ಇಂಗ್ಲಿಷ್ ಪ್ರತಿಯನ್ನೇ ತೆರೆದಿಟ್ಟುಕೊಂಡು, ಲಿಂಕ್ ಇದ್ದ ಜಾಗದ ಅಕ್ಷರಗಳನ್ನು ಅಳಿಸಿ ಅಲ್ಲಲ್ಲೇ ಕನ್ನಡ ತುಂಬುತ್ತ ಹೋದರೆ ಪಠ್ಯ ಅದಲುಬದಲಾಗುತ್ತದೆ, ವಿಳಾಸಗಳು ಮಾತ್ರ ಕೂತಲ್ಲೇ ಕೂರುತ್ತವೆ. ‘ಈ ಪಟ್ಟಿ’ಯನ್ನು ಒತ್ತಿದವರಿಗೆ ಫಾರ್ಮ್ ತೆರೆದುಕೊಳ್ಳುತ್ತದೆ. ಎರಡೂ ಲಿಂಕ್‌ಗಳು ಜೀವಂತವಾಗಿಯೇ ಇರುವುದರಿಂದ, ಲಿಂಕ್ ಕೆಲಸ ಮಾಡುತ್ತಿದೆಯೇ ಎಂದಷ್ಟೇ ನೋಡುವವರಿಗೆ ಈ ತಪ್ಪು ಎಂದಿಗೂ ಸಿಗುವುದಿಲ್ಲ. ಸರಿಯಾದ ರೂಪ ಇದು:

```
ನಿಮ್ಮ ಹೆಸರು [ಈ ಪಟ್ಟಿಯಲ್ಲಿ](https://example.com/list)
ಇದ್ದರೆ [ಈ ಫಾರ್ಮನ್ನು](https://example.com/form) ಭರ್ತಿ ಮಾಡಿ.
```

ಚೌಕ ಆವರಣ, ಅದರೊಳಗಿನ ಮಾತು, ಬೆನ್ನಿಗಿರುವ ವಿಳಾಸ, ಈ ಮೂರನ್ನೂ ಒಂದೇ ಗಂಟೆಂದು ಭಾವಿಸಿ ಇಡೀ ಗಂಟನ್ನೇ ಎತ್ತಿ ಹೊಸ ಜಾಗಕ್ಕೆ ಇಡಬೇಕು. ಮಾರ್ಕ್‌ಡೌನ್‌ನಲ್ಲಿ ವಿಳಾಸ ಕಣ್ಣೆದುರಿಗೇ ಇರುವುದರಿಂದ ಇದು ಸುಲಭ. ವರ್ಡ್ ಕಡತದಲ್ಲಿ ವಿಳಾಸ ನೀಲಿ ಅಕ್ಷರಗಳ ಹಿಂದೆ ಅಡಗಿರುತ್ತದೆ. ಅಲ್ಲಿ `Alt+F9` ಒತ್ತಿದರೆ ಅಡಗಿದ್ದ ವಿಳಾಸಗಳೆಲ್ಲ `HYPERLINK` ಎಂಬ ಗುರುತಿನೊಂದಿಗೆ ಹೊರಗೆ ಕಾಣಿಸುತ್ತವೆ, ಇನ್ನೊಮ್ಮೆ ಒತ್ತಿದರೆ ಮರೆಯಾಗುತ್ತವೆ. ಇಂಗ್ಲಿಷ್ ಮತ್ತು ಕನ್ನಡ ಕಡತಗಳೆರಡರಲ್ಲೂ ಹೀಗೆ ತೆರೆದು ಅಕ್ಕಪಕ್ಕ ಇಟ್ಟು ನೋಡಿದರೆ ಯಾವುದು ಬಿಟ್ಟುಹೋಗಿದೆ, ಯಾವುದು ಅದಲುಬದಲಾಗಿದೆ ಎಂಬುದು ಎರಡು ನಿಮಿಷದ ಕೆಲಸ.

ಇದೇ ಪ್ರಕಟಣೆ ವಾಟ್ಸಾಪ್ ಗುಂಪಿಗೂ ಹೋಗಬೇಕಿತ್ತು, ನಿಜ ಹೇಳಬೇಕೆಂದರೆ ಹೆಚ್ಚಿನವರು ಓದುತ್ತಿದ್ದದ್ದೇ ಅಲ್ಲಿ. ವಾಟ್ಸಾಪ್‌ನಲ್ಲಿ ಬೋಲ್ಡ್‌ಗೆ ಒಂದೇ ನಕ್ಷತ್ರ ಸಾಕು, ಮಾರ್ಕ್‌ಡೌನ್‌ನಲ್ಲಿ ಅದೇ ಒಂದು ನಕ್ಷತ್ರ ಇಟಾಲಿಕ್‌ಗೆ ಮೀಸಲು. ಹಾಗಾಗಿ ಒಂದು ಕಡೆಯದನ್ನು ಇನ್ನೊಂದು ಕಡೆ ಹಾಗೆಯೇ ಅಂಟಿಸಲಾಗದು. ಅದಕ್ಕಿಂತ ದೊಡ್ಡ ವ್ಯತ್ಯಾಸವೆಂದರೆ, ಮಾತಿನ ಹಿಂದೆ ವಿಳಾಸವನ್ನು ಅಡಗಿಸುವ ಸೌಲಭ್ಯ ಅಲ್ಲಿ ಇಲ್ಲ, ವಿಳಾಸವನ್ನು ಬಯಲಿಗೇ ಇಡಬೇಕು. ಬಯಲಿಗಿಟ್ಟ ವಿಳಾಸಕ್ಕೆ ನಮ್ಮ ಕೈ ಅಭ್ಯಾಸಬಲದಿಂದ ಒಂದು ಪ್ರತ್ಯಯ ಅಂಟಿಸಿಬಿಡುತ್ತದೆ: `https://example.com/formಗೆ ಹೋಗಿ ಭರ್ತಿ ಮಾಡಿ`. ಇಲ್ಲಿ ವಿಳಾಸ ಎಲ್ಲಿ ಮುಗಿಯಿತು, ಕನ್ನಡ ಎಲ್ಲಿ ಶುರುವಾಯಿತು ಎಂಬುದು ನಮಗೆ ಗೊತ್ತು, ತಂತ್ರಾಂಶಕ್ಕೆ ಗೊತ್ತಾಗುವ ಬಗೆಯಿಲ್ಲ. ಕನ್ನಡ ಅಕ್ಷರಗಳೂ ವಿಳಾಸದಲ್ಲಿ ಬರಬಹುದಾದ್ದರಿಂದ ‘ಗೆ’ಯನ್ನೂ ಅದರ ಭಾಗವೆಂದೇ ಎಣಿಸಿಕೊಂಡು ಅದು ಈ ಪುಟವನ್ನು ಹುಡುಕಲು ಹೊರಡಬಹುದು:

```
https://example.com/form%E0%B2%97%E0%B3%86
```

ಕೊನೆಯ ಆ ಆರು ತುಂಡುಗಳು ನಮ್ಮ ‘ಗೆ’ಯೇ, ಮೊದಲ ಮೂರು ಗಕಾರ, ಮುಂದಿನ ಮೂರು ಎತ್ವ. ಅಂಥ ಪುಟ ಯಾವ ಸರ್ವರ್‌ನಲ್ಲೂ ಇಲ್ಲದ್ದರಿಂದ ಪುಟ ಸಿಗಲಿಲ್ಲ ಎಂಬ ಉತ್ತರ ಬರುತ್ತದೆ. ಲಿಂಕ್ ತೆರೆಯುತ್ತಿಲ್ಲ ಎಂದು ದೂರು ಬಂದಾಗ ಬ್ರೌಸರಿನಲ್ಲಿ ತೋರುವ ವಿಳಾಸದ ಕೊನೆಯಲ್ಲಿ `%E0%B2` ಅಥವಾ `%E0%B3` ಕಾಣಿಸಿದರೆ ಅದು ನೆಟ್‌ವರ್ಕ್ ದೋಷವಲ್ಲ, ಅಂಟಿಕೊಂಡ ಕನ್ನಡ. ವಿಳಾಸವನ್ನು ಸ್ವತಂತ್ರ ಸಾಲಿನಲ್ಲಿ ಇಟ್ಟು, ಅದಕ್ಕೆ ಪ್ರತ್ಯಯವನ್ನೂ ಪೂರ್ಣವಿರಾಮವನ್ನೂ ಅಂಟಿಸದೆ, ಹಿಂದಿನ ಸಾಲಿನಲ್ಲಿ ‘ಫಾರ್ಮ್ ಭರ್ತಿ ಮಾಡಲು ಈ ಲಿಂಕ್ ಒತ್ತಿ:’ ಎಂದು ಬರೆದರೆ ಇದರ ಬಾಧೆ ತಪ್ಪುತ್ತದೆ. ಲಿಂಕ್‌ನಾಚೆಯ ಫಾರ್ಮ್ ಇಂಗ್ಲಿಷಿನಲ್ಲೇ ಇದ್ದರೆ ಆ ಮಾತನ್ನೂ ಅಲ್ಲೇ ತಿಳಿಸಬೇಕು. ಗುಂಡಿಯ ಮೇಲೆ `Submit` ಎಂದಿರುವಾಗ ನಾವು ‘ಸಲ್ಲಿಸಿ ಎಂಬ ಗುಂಡಿ ಒತ್ತಿ’ ಎಂದು ಬರೆದರೆ, ಓದುವವರು ಇಲ್ಲದ ಗುಂಡಿಯನ್ನು ಹುಡುಕುತ್ತಾರೆ.

ಇನ್ನು ಸೂಚನಾ ಫಲಕಕ್ಕೆ ಹಾಕುವ ಮುದ್ರಿತ ಪ್ರತಿ. ಅದು ಊರಿನ ಡಿಟಿಪಿ ಅಂಗಡಿಯಲ್ಲಿ ತಯಾರಾಗುತ್ತಿತ್ತು, ಅಲ್ಲಿ ಇಂದಿಗೂ ‘ನುಡಿ’ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಫಾಂಟ್‌ಗಳ ಬಳಕೆ ಇದೆ. ಆ ಫಾಂಟ್‌ಗಳಲ್ಲಿ ಕಂಪ್ಯೂಟರ್ ಒಳಗಡೆ ಇಟ್ಟುಕೊಳ್ಳುವುದು ಇಂಗ್ಲಿಷ್ ಮತ್ತಿತರ ಚಿಹ್ನೆಗಳನ್ನೇ, ಅವು ಕನ್ನಡವಾಗಿ ಕಾಣುವುದು ಫಾಂಟಿನ ಮಾಯೆಯಿಂದ. ಇಡೀ ಪುಟವನ್ನು ಆಯ್ದು ಆ ಫಾಂಟ್ ಹಾಕಿದರೆ ವೆಬ್ ವಿಳಾಸವೂ ಅರ್ಥವಿಲ್ಲದ ಕನ್ನಡದ ಚೂರುಗಳಾಗಿ ಕಾಣುತ್ತದೆ. ಅದೇ ಕಡತವನ್ನು ಮುಂದೆ ಯೂನಿಕೋಡಿಗೆ ಪರಿವರ್ತಿಸುವಾಗ ಎಲ್ಲವನ್ನೂ ಒಟ್ಟಿಗೆ ಪರಿವರ್ತಕಕ್ಕೆ ಸುರಿದರೆ ಸ್ಥಿತಿ ಇನ್ನೂ ಕೆಡುತ್ತದೆ, ಏಕೆಂದರೆ ಆಗ ವಿಳಾಸದ ಇಂಗ್ಲಿಷ್ ಅಕ್ಷರಗಳು ಕನ್ನಡವಾಗಿ ಕಾಣುವುದಷ್ಟೇ ಅಲ್ಲ, ನಿಜಕ್ಕೂ ಕನ್ನಡವಾಗಿಬಿಡುತ್ತವೆ. ನಾನು ವಿಳಾಸಗಳನ್ನು ಮೊದಲೇ ಕತ್ತರಿಸಿ ಬೇರೆ ಕಡತದಲ್ಲಿಟ್ಟು, ಪರಿವರ್ತನೆಯಾದ ಮೇಲೆ ಮೂಲದಿಂದಲೇ ನಕಲಿಸಿ ಅಂಟಿಸುತ್ತಿದ್ದೆ. ವಿಳಾಸವನ್ನು ಕೈಯಲ್ಲಿ ಟೈಪ್ ಮಾಡುವ ಧೈರ್ಯ ನನಗಂತೂ ಬರಲಿಲ್ಲ.

ಡಿಟಿಪಿಯವರಿಂದ ಬಂದ ಇನ್ನೊಂದು ಪಾಠ ಅಂಕಿಗಳದ್ದು. ಕನ್ನಡದ ಪ್ರಕಟಣೆಗೆ ಕನ್ನಡ ಅಂಕಿಯೇ ಇರಲಿ ಎಂಬ ಅಭಿಮಾನದಿಂದ ಅವರು ಕ್ರಮಸಂಖ್ಯೆಗಳನ್ನು ೧, ೨, ೩ ಎಂದು ಮಾಡಿಕೊಟ್ಟಿದ್ದರು. ಕಾಗದದ ಮೇಲೆ ಅದು ಚೆನ್ನಾಗಿಯೇ ಇತ್ತು. ಅದನ್ನೇ ಒಳಜಾಲಕ್ಕೆ ಹಾಕಿದಾಗ ಮೂರು ಸಾಲುಗಳು ಒಂದೇ ಪ್ಯಾರಾ ಆಗಿ ಕೂಡಿಕೊಂಡವು, ಏಕೆಂದರೆ ಮಾರ್ಕ್‌ಡೌನ್ ಪಟ್ಟಿಯ ಆರಂಭವೆಂದು ಗುರುತಿಸುವುದು 0ಯಿಂದ 9ರವರೆಗಿನ ಅಂಕಿಗಳನ್ನು ಮಾತ್ರ. ಬುಲೆಟ್‌ನ ಗುಂಡು ಚುಕ್ಕೆಯನ್ನು ವರ್ಡ್‌ನಿಂದ ನಕಲಿಸಿ ತಂದರೂ ಇದೇ ಗತಿ. ಕಾಣಲು ಅದು ಪಟ್ಟಿಯಂತಿದ್ದರೂ ಮಾರ್ಕ್‌ಡೌನ್ ಪಾಲಿಗೆ ಅದು ಒಂದು ಬಿಡಿ ಅಕ್ಷರವಷ್ಟೆ.

ಆ ಸೋಮವಾರದ ನಂತರ ನಾನು ಯಾವ ಪ್ರಕಟಣೆಯನ್ನು ಕಳುಹಿಸುವ ಮೊದಲೂ ಎರಡು ಪರೀಕ್ಷೆ ಮಾಡುತ್ತಿದ್ದೆ. ಮೊದಲನೆಯದರಲ್ಲಿ, ಪರದೆಯ ಮೇಲೆ ತಲೆಸಾಲನ್ನು ಅಂಗೈಯಿಂದ ಮುಚ್ಚಿ, ಬುಲೆಟ್‌ಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದಿ, ಆ ಒಂದು ಸಾಲು ಮಾತ್ರ ತಲುಪಿದವರು ಏನು ಮಾಡಿಯಾರು ಎಂದು ಕೇಳಿಕೊಳ್ಳುತ್ತಿದ್ದೆ. ಎರಡನೆಯದರಲ್ಲಿ, ಅನುವಾದ ಮಾಡಿದ ಕಂಪ್ಯೂಟರಿನಲ್ಲಿ ನೋಡಿ ತೃಪ್ತಿಪಡದೆ, ಪ್ರಕಟಣೆಯನ್ನು ಮೊದಲು ಒಬ್ಬರ ಫೋನಿಗೆ ಕಳುಹಿಸಿ, ಪ್ರತಿ ಲಿಂಕ್ ಒತ್ತಿಸಿ, ತೆರೆದುಕೊಂಡದ್ದು ಏನೆಂದು ಅವರ ಬಾಯಿಂದಲೇ ಹೇಳಿಸುತ್ತಿದ್ದೆ. ‘ತೆರೆಯಿತು’ ಎಂಬ ಉತ್ತರವನ್ನು ಒಪ್ಪುತ್ತಿರಲಿಲ್ಲ, ‘ಪಟ್ಟಿ ತೆರೆಯಿತು’ ಎಂದೋ ‘ಫಾರ್ಮ್ ತೆರೆಯಿತು’ ಎಂದೋ ಹೇಳಬೇಕಿತ್ತು. ಹೆಚ್ಚಾಗಿ ಈ ಕೆಲಸಕ್ಕೆ ನಾನು ಹಿಡಿಯುತ್ತಿದ್ದದ್ದು ಅಂದು ಫೋನ್ ತೆಗೆದು ತೋರಿಸಿದ ಆ 3ನೇ ಬಸ್ಸಿನವರನ್ನೇ. ಶ್ರೀನಿವಾಸಪುರದ ಕಡೆಯ ಅವರ ಮನೆಮಾತು ತೆಲುಗು, ಕನ್ನಡವನ್ನು ಅವರು ನಿಧಾನವಾಗಿ ಸಾಲುಸಾಲಾಗಿ ಓದುತ್ತಿದ್ದರು, ಆದ್ದರಿಂದ ನನ್ನ ಕಣ್ಣು ಹಾರಿಸಿಬಿಡುತ್ತಿದ್ದ ಜಾಗದಲ್ಲೆಲ್ಲ ಅವರು ನಿಲ್ಲುತ್ತಿದ್ದರು.